ಅರೇಬಿಕಾ ತೋಟದಲ್ಲಿ ಕಾಡುಮರ ತೆಗೆದು ಮೆಣಸಿಗೆ ಸಿಲ್ವರ್ ಓಕ್ ಹಾಕಬಹುದೇ?

ಪ್ರಶ್ನೆ: ಚಿಕ್ಕಮಗಳೂರು ಕಡೆ 4 ಎಕರೆ ಅರೇಬಿಕಾ ಇದೆ. ಕಾಡುಮರ ತೆಗೆದು ಸಿಲ್ವರ್ ಓಕ್ ಹಾಕಿ ಮೆಣಸು ಹಬ್ಬಿಸಿ ಅಂತ ಎಲ್ಲರೂ ಹೇಳ್ತಾರೆ. ಮಾಡಬಹುದಾ? ಮೆಣಸಿನ ಜೊತೆ ಬೆಳೆದ ಕಾಫಿಗೆ ಮಸಾಲೆ ಪರಿಮಳ ಬರುತ್ತಾ?

ಉತ್ತರ: ಮೆಣಸು ಹಾಕಿ, ಆದರೆ ಅದಕ್ಕಾಗಿ ಅತ್ತಿ, ಹಲಸು, ಬಸರಿ ಮರಗಳನ್ನು ಕಡಿಯಬೇಡಿ. ರೊಬಸ್ಟಾ ತೋಟವಾಗಿದ್ದರೆ ನಾನು ಇಷ್ಟು ಖಡಾಖಂಡಿತವಾಗಿ ಹೇಳುತ್ತಿರಲಿಲ್ಲ. ಅರೇಬಿಕಾಕ್ಕೆ ಬಿಳಿ ಕಾಂಡಕೊರಕದ ಕಾಟ ಇದೆ, ಆ ಹುಳಕ್ಕೆ ಬಿಸಿಲು ಬಿದ್ದು ಬೆಚ್ಚಗಾದ ಕಾಂಡವೇ ಬೇಕು. ದುಂಬಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ, ಮರಿಹುಳ ಒಳಹೊಕ್ಕು ಕಾಂಡವನ್ನು ಕೊರೆಯುತ್ತದೆ. ಕಾಂಡದ ಮೇಲೆ ಉಬ್ಬಿದ ಗೆರೆ ಕಂಡರೆ, ಎಲೆ ಹಳದಿಯಾಗಿ ಜೋತುಬಿದ್ದರೆ ಆ ಗಿಡವನ್ನು ಬೇರುಸಮೇತ ಕಿತ್ತು ಸುಡದೆ ಬೇರೆ ದಾರಿಯಿಲ್ಲ. ಸಿಲ್ವರ್ ಓಕ್ ನೆಟ್ಟಗೆ ಬೆಳೆಯುತ್ತದೆ, ಕಡಿದು ಮಾರಲು ಕಾಡುಮರದಷ್ಟು ತಾಪತ್ರಯವಿಲ್ಲ, ಬಳ್ಳಿಯೂ ಚೆನ್ನಾಗಿ ಹತ್ತುತ್ತದೆ. ಆದರೆ ಅದರ ತಲೆ ಕಿರಿದು. ಮಧ್ಯಾಹ್ನದ ನಂತರದ ಓರೆಬಿಸಿಲು ನೇರವಾಗಿ ಕಾಫಿ ಕಾಂಡಕ್ಕೆ ಹೊಡೆಯುತ್ತದೆ. ಅದರ ಎಲೆ ಬೇಗ ಕೊಳೆತು ಗೊಬ್ಬರವಾಗುವುದೂ ಇಲ್ಲ. ತೋಟದ ಅಂಚಿಗೆ, ನೆರಳು ಬಿಟ್ಟುಹೋದ ಜಾಗಕ್ಕೆ ಹಾಕಿಕೊಳ್ಳಿ, ಸಾಕು.

ಇರುವ ಮರಗಳಿಗೇ ಬಳ್ಳಿ ಹಬ್ಬಿಸಿ. ಹಲಸಿನಂಥ ಒರಟು ತೊಗಟೆ ಒಳ್ಳೆಯದು. ನಂದಿಯಂತೆ ತೊಗಟೆ ಕಳಚುವ ಮರಕ್ಕೆ ಹಾಕಿದರೆ ಬಳ್ಳಿ ತೊಗಟೆಯ ಸಮೇತ ಕೆಳಗೆ ಬರುತ್ತದೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಮರದ ಉತ್ತರ ಅಥವಾ ಪೂರ್ವ ಬದಿಯಲ್ಲಿ, ಬುಡದಿಂದ ಒಂದಡಿಗೆ ಕಡಿಮೆಯಿಲ್ಲದಂತೆ, ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಮೇಲ್ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರ ತುಂಬಿ ಬೇರು ಬಂದ ಎರಡು ಬಳ್ಳಿ ನೆಡಿ. ಗುಂಡಿಯ ಮಣ್ಣು ಸುತ್ತಲಿಗಿಂತ ಸ್ವಲ್ಪ ಎತ್ತರವಿರಲಿ, ನೀರು ನಿಂತರೆ ಮೊದಲ ಮಳೆಗಾಲದಲ್ಲೇ ಬಳ್ಳಿ ಹೋಗುತ್ತದೆ. ನೆರಳು ಜಾಸ್ತಿಯಿದ್ದಲ್ಲಿ ಪಣಿಯೂರು-1 ತಳಿಯ ಮೆಣಸು ಹಾಕಬೇಡಿ, ಅದಕ್ಕೆ ಬೆಳಕು ಬೇಕು. ಅಂಥ ಕಡೆ ಕರಿಮುಂಡ ತಾಳಿಕೊಳ್ಳುತ್ತದೆ.

ನಿಜವಾದ ತಕರಾರು ಇರುವುದು ಮರಗಸಿಯಲ್ಲಿ, ಅಂದರೆ ನೆರಳುಮರದ ಕೊಂಬೆ ಕಡಿಯುವುದರಲ್ಲಿ. ಮೆಣಸಿಗೆ ಮೇ-ಜೂನ್‌ನಲ್ಲಿ ಚಿಗುರಿ ಗೊಂಚಲು ಬಿಡುವಾಗ ಬೆಳಕು ಬೇಕು. ಕಾಂಡಕೊರಕದ ದುಂಬಿ ಹಾರುವುದು ಏಪ್ರಿಲ್-ಮೇಯಲ್ಲಿ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಮತ್ತೊಮ್ಮೆ. ಕೂಲಿಯಾಳು ಸಿಕ್ಕಿದರೆಂದು ಮಾರ್ಚ್‌ನಲ್ಲೇ ಮರ ಬೋಳಿಸಿದರೆ ಎರಡು ತಿಂಗಳು ಕಾಂಡವನ್ನು ಬಿಸಿಲಿಗೆ ಒಡ್ಡಿದಂತೆ. ಆದ್ದರಿಂದ ಮರಗಸಿಯನ್ನು ಮೇ ಕೊನೆಗೆ, ಮುಂಗಾರು ಹತ್ತಿರ ಬಂದಾಗ ಮಾಡಿಸಿ. ಕೆಳಗಿನ ಕೊಂಬೆ ತೆಗೆಸಿ, ಮೇಲಿನ ಚತ್ರಿ ಉಳಿಸಿ, ಪಶ್ಚಿಮ ಬದಿಯ ಕೊಂಬೆ ಮುಟ್ಟಬೇಡಿ. ಮಧ್ಯಾಹ್ನ ತೋಟದೊಳಗೆ ನಿಂತು ನೋಡಿ: ನೆಲದ ಮೇಲೆ ಬಿಸಿಲು ಚುಕ್ಕೆ ಚುಕ್ಕೆಯಾಗಿ ಅಲುಗಾಡುತ್ತಿದ್ದರೆ ಸರಿಯಾಗಿದೆ, ದೊಡ್ಡ ಪಟ್ಟೆಯಾಗಿ ಬಿದ್ದಿದ್ದರೆ ಅತಿಯಾಗಿದೆ. ಬಿಸಿಲು ಬೀಳುವ ಗಿಡಗಳಿಗೆ ಸಡಿಲ ತೊಗಟೆ ಉಜ್ಜಿ ತೆಗೆದು, ಹಾರಾಟಕ್ಕೆ ಮೊದಲು 200 ಲೀಟರ್ ನೀರಿಗೆ 20 ಕೆಜಿ ಸುಣ್ಣ ಕಲಸಿ ಕಾಂಡಕ್ಕೆ ಬಳಿಸಿ. ಹಾಗೆಂದು ಕಸಿಯನ್ನೇ ಬಿಟ್ಟರೆ ಮಳೆಗಾಲದಲ್ಲಿ ಕಾಫಿಗೆ ಕೊಳೆರೋಗ ಹಿಡಿಯುತ್ತದೆ, ಹೂವೂ ಕಡಿಮೆಯಾಗುತ್ತದೆ.

ಮೆಣಸಿನ ಸೊರಗು ರೋಗಕ್ಕೆ ಸಿದ್ಧರಾಗಿರಿ. ಬುಡದ ಎಲೆಗಳಲ್ಲಿ ಒದ್ದೆಯಾದಂಥ ಕಪ್ಪು ಚುಕ್ಕೆ ಕಂಡರೆ ತಡಮಾಡಬಾರದು, ಬುಡಕ್ಕೆ ಇಳಿದರೆ ಕೆಲವೇ ವಾರಗಳಲ್ಲಿ ಇಡೀ ಬಳ್ಳಿ ಒಣಗುತ್ತದೆ. ಮುಂಗಾರಿಗೆ ಮುಂಚೆ ಒಮ್ಮೆ, ಆಗಸ್ಟ್ ಬಿಡುವಿನಲ್ಲಿ ಮತ್ತೊಮ್ಮೆ ಬಳ್ಳಿಗೆ ಶೇ 1ರ ಬೋರ್ಡೋ ಸಿಂಪಡಿಸಿ, ಅಂದರೆ 100 ಲೀಟರಿಗೆ ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ. ಕಾಫಿ ಎಲೆ ತುಕ್ಕಿಗೆ ಇದರ ಅರ್ಧ ಸಾಕು, ಒಂದೇ ಡ್ರಮ್ಮಿನದ್ದನ್ನು ಎರಡಕ್ಕೂ ಹೊಡೆಸಬೇಡಿ. ಬುಡಕ್ಕೆ ಲೀಟರಿಗೆ 2 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಬೆರೆಸಿ ಬಳ್ಳಿಗೆ 5 ಲೀಟರ್ ಸುರಿಯಿರಿ. ಎಕರೆಗೆ 100 ಬಳ್ಳಿಯಂತೆ ನಿಮ್ಮ 400 ಬಳ್ಳಿಗೆ ಒಂದು ಸುತ್ತಿಗೆ 2,000 ಲೀಟರ್ ನೀರು, 4 ಕೆಜಿ ಔಷಧಿ ಬೇಕು. ಈ ನೀರು ಹೊರುವ ಆಳು ಸಿಗುವುದಿಲ್ಲವಾದರೆ ಮೊದಲ ವರ್ಷ ಒಂದೇ ಎಕರೆಗೆ ಹಾಕಿ.

ಇನ್ನು ಪರಿಮಳ. ಮೆಣಸಿನ ಬಳ್ಳಿ ಪಕ್ಕದಲ್ಲಿದ್ದ ಮಾತ್ರಕ್ಕೆ ಕಾಫಿ ಬೀಜಕ್ಕೆ ಮೆಣಸಿನ ವಾಸನೆ ಬರುವುದಿಲ್ಲ. ಏಲಕ್ಕಿ, ಕಿತ್ತಳೆಗೂ ಇದೇ ಮಾತು. ಲೋಟದಲ್ಲಿ ವ್ಯತ್ಯಾಸ ತರುವುದು ನೆರಳು: ತಂಪಿನಲ್ಲಿ ಹಣ್ಣು ನಿಧಾನವಾಗಿ ಮಾಗಿ ಬೀಜ ಚೆನ್ನಾಗಿ ತುಂಬಿಕೊಳ್ಳುತ್ತದೆ. ಆದರೆ ನೆರಳಿನಲ್ಲಿ ಎಲ್ಲ ಹಣ್ಣೂ ಒಟ್ಟಿಗೆ ಮಾಗುವುದಿಲ್ಲ. ಕೆಂಪಾದದ್ದನ್ನು ಮಾತ್ರ ಮೂರ್ನಾಲ್ಕು ಸಲ ಆರಿಸಿ ಕೀಳದೆ ಹಸಿರೂ ಸೇರಿಸಿ ಒಂದೇ ಸಲ ಸೆಳೆದುಬಿಟ್ಟರೆ ನೆರಳಿನ ಲಾಭವೆಲ್ಲ ಅಲ್ಲೇ ಹೋಯಿತು.

ಮಸಾಲೆ ವಾಸನೆ ಕಾಫಿಗೆ ನಿಜವಾಗಿ ಹತ್ತುವುದು ಗೋದಾಮಿನಲ್ಲಿ, ಅದು ದೋಷವಾಗಿ. ಒಣಗಿದ ಬೀಜ ಸುತ್ತಲಿನ ವಾಸನೆಯನ್ನು ಬೇಗ ಹೀರುತ್ತದೆ. ಹಣ್ಣಿನ ಸಿಪ್ಪೆ ಸುಲಿದು ತೊಳೆದ ಬೀಜವನ್ನು, ಅಂದರೆ ಪಾರ್ಚ್‌ಮೆಂಟನ್ನು, ಶೇ 10ರ ತೇವಾಂಶಕ್ಕೆ ಒಣಗಿಸಿ, ಹೊಸ ಗೋಣಿಚೀಲದಲ್ಲಿ ಬೇರೆ ಕೋಣೆಯಲ್ಲಿಡಿ. ಮೆಣಸು ತುಂಬಿದ್ದ ಚೀಲಕ್ಕೆ ಕಾಫಿ ತುಂಬಬೇಡಿ. ಒಣಗಿಸುವ ಕಣ ಒಂದೇ ಆಗಿದ್ದರೆ ಮೆಣಸಿನ ಸರದಿ ಕಾಫಿ ಪೂರ್ತಿ ಎತ್ತಿದ ಮೇಲೆ ಬರಲಿ. ಅರೇಬಿಕಾ ಕೊಯ್ಲು ಮೆಣಸಿಗಿಂತ ಮೊದಲೇ ಮುಗಿಯುವುದರಿಂದ ಇದು ಕಷ್ಟವಾಗುವುದಿಲ್ಲ.