125 ಜನರೋ, 984 ಜನರೋ?

ಪ್ರಶ್ನೆ: ಹಳ್ಳಿಗಳಲ್ಲಿ ಮಧುಮೇಹ ಎಷ್ಟಿದೆ ಎಂದು ನೋಡುವ ಕ್ರಾಸ್ ಸೆಕ್ಷನಲ್ ಅಧ್ಯಯನ ನನ್ನದು. ಮಾರ್ಜಿನ್ ಆಫ್ ಎರರ್ 5% ಹಾಕಿದರೆ 125 ಜನ ಬರುತ್ತದೆ. ಗೈಡ್ 20% ಹಾಕಿ ಎಂದರು, 984 ಬಂತು. ಎರರ್ ಹೆಚ್ಚಿಸಿದರೆ ಸಂಖ್ಯೆ ಇಳಿಯಬೇಕಲ್ಲವೇ ಸರ್?

ತಿಂಗಳಿಗೆ ಎರಡು ಸಲವಾದರೂ ಇದೇ ಪತ್ರ ಬರುತ್ತದೆ. ಸೂತ್ರ ಎಲ್ಲರಿಗೂ ಬಾಯಿಪಾಠ:

```
n = 1.96² × p × (1 − p) / d²
```

`n` ಬೇಕಾದ ಜನರ ಸಂಖ್ಯೆ, `p` ಕಾಯಿಲೆ ಇರುವವರ ಅಂದಾಜು ಪಾಲು, `d` ಮಾರ್ಜಿನ್ ಆಫ್ ಎರರ್; ಶೇಕಡಾವನ್ನು 100ರಿಂದ ಭಾಗಿಸಿ ಹಾಕಬೇಕು. ಎಡವುವುದು `d` ಹತ್ತಿರ. ನೀವು ಹಾಕಿದ 5 ನೇರ ಶೇಕಡಾ ಅಂಶ. ಗೈಡ್ ಹೇಳಿದ 20% ಎಂದರೆ `p`ಯ ಶೇ 20. ICMR-INDIAB ಸಮೀಕ್ಷೆಯ ಗ್ರಾಮೀಣ ಅಂದಾಜು ಶೇ 8.9 (ದೇಶದ ಒಟ್ಟು 11.4 ಹಾಕದೆ ಇದನ್ನೇ ಹಿಡಿದದ್ದು ಸರಿ). ಅದರ ಶೇ 20 ಎಂದರೆ 1.78 ಅಂಶ ಮಾತ್ರ. ಅಂದರೆ ಎರರ್ ಹೆಚ್ಚಿಲ್ಲ, 5ರಿಂದ 1.78ಕ್ಕೆ ಇಳಿದಿದೆ. ಸಂಖ್ಯೆ ಏರದೆ ಇನ್ನೇನಾದೀತು?

ಯಾವುದು ಬೇಕು ಎಂಬುದನ್ನು ಉತ್ತರದ ಕಡೆಯಿಂದ ನೋಡಿ. 125 ಜನರನ್ನು ನೋಡಿ ಮುಗಿಸಿದರೆ "ಮಧುಮೇಹ ಶೇ 3.9ರಿಂದ 13.9ರ ನಡುವೆ ಇದೆ" ಎಂದು ಬರೆಯಬೇಕಾಗುತ್ತದೆ. ಅಷ್ಟು ಹೇಳಲು ಹಳ್ಳಿ ಸುತ್ತಬೇಕಿರಲಿಲ್ಲ. ಶೇ 4ರಷ್ಟೇ ಇರುವ ಕಾಯಿಲೆಗೂ 5 ಹಾಕುವವರಿದ್ದಾರೆ. ಅವರ ಕೆಳಮಿತಿ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಒಬ್ಬರೇ ಮಾಡುವ ಪ್ರಬಂಧಕ್ಕೆ 984 ಭಾರ. ನಾನಾದರೆ 3 ಅಂಶ ಹಿಡಿಯುತ್ತೇನೆ: 347 ಜನ. ಪ್ರೋಟೋಕಾಲ್‌ನಲ್ಲಿ ಬರಿದೇ "3%" ಎನ್ನದೆ "ನೇರ 3 ಶೇಕಡಾ ಅಂಶ" ಎಂದು ಬಿಡಿಸಿ ಬರೆಯಿರಿ.

347 ಅಂತಿಮವಲ್ಲ. ಅದು ಪಟ್ಟಿಯಿಂದ ಒಬ್ಬೊಬ್ಬರನ್ನೇ ಚೀಟಿ ಎತ್ತಿ ಆರಿಸುವವರ ಲೆಕ್ಕ. ನೀವು ಹಳ್ಳಿ ಆರಿಸಿ ಅಲ್ಲಿ 20 ಜನರನ್ನು ನೋಡುತ್ತೀರಿ. ಒಂದೇ ಊರಿನವರ ಊಟ, ದುಡಿಮೆ ಹತ್ತಿರಹತ್ತಿರ ಇರುವುದರಿಂದ 20 ಜನ 20 ಜನರಷ್ಟು ಮಾಹಿತಿ ಕೊಡುವುದಿಲ್ಲ. ಆ ಹೋಲಿಕೆಯ ಅಳತೆ, ಐಸಿಸಿ, 0.05 ಎಂದುಕೊಳ್ಳಿ (ನಿಮ್ಮದನ್ನು ಇಂಥದೇ ಹಿಂದಿನ ಅಧ್ಯಯನದಿಂದ ತೆಗೆಯಿರಿ). ಡಿಸೈನ್ ಎಫೆಕ್ಟ್ 1 + 19 × 0.05 = 1.95. 347ನ್ನು ಅದರಿಂದ ಗುಣಿಸಿದರೆ ಸಂಖ್ಯೆ 677 ಆಯಿತು.

ಶೇ 10 ಜನ ರಕ್ತ ಕೊಡಲು ಒಪ್ಪುವುದಿಲ್ಲ ಎನ್ನಿ. ಆಗ 0.9ರಿಂದ ಭಾಗಿಸಿ: 753, ಅಂದರೆ 38 ಹಳ್ಳಿ. 1.1ರಿಂದ ಗುಣಿಸಿದರೆ 745. ಅದರಲ್ಲಿ ಶೇ 10 ಹೋದರೆ ಉಳಿಯುವುದು ಸುಮಾರು 670, ಏಳು ಜನ ಕಡಿಮೆ.

ಪ್ರಶ್ನೆ: ನಮ್ಮ ಜಿಲ್ಲೆಯ ಜನಸಂಖ್ಯೆ 20 ಲಕ್ಷ. 384 ಸಾಕೇ?

ಜಿಲ್ಲೆ ದೊಡ್ಡದಾದಷ್ಟಕ್ಕೆ ಸಂಖ್ಯೆ ಏರುವುದಿಲ್ಲ. 384 ಎನ್ನುವುದು `p` ಶೇ 50, `d` 5 ಅಂಶ ಇದ್ದಾಗಿನ ಲೆಕ್ಕ ಅಷ್ಟೇ. ಎಲ್ಲ ರೋಗಕ್ಕೂ ಅದೇ ಮದ್ದು ಕೊಡುವ ನಕಲಿ ವೈದ್ಯರಂತೆ ಅದನ್ನು ಹಂಚುವವರನ್ನು ನಂಬಬೇಡಿ.

ಪ್ರಶ್ನೆ: 120 ಜನರ ಮಾಹಿತಿ ಆಗಲೇ ತೆಗೆದಾಗಿದೆ. ಅದಕ್ಕೆ ಹೊಂದುವ `d` ಹೇಳಿ ಸರ್.

ಹೇಳುವುದಿಲ್ಲ. 120 ಹೇಗೆ ಬಂತೋ ಹಾಗೇ ಬರೆದು, ಸಿಕ್ಕ ಶೇಕಡಾದ ಜೊತೆ ಅದರ ಶೇ 95 ವಿಶ್ವಾಸ ಮಿತಿ ಕೊಡಿ.