ಅಲ್ಟಿಮೇಟ್ ಆವೃತ್ತಿಗೆ ಹೆಚ್ಚು ಹಣ ಕೊಡಬೇಕೆ?

ಪ್ರಶ್ನೆ: ಮಣಿಪಾಲದಲ್ಲಿ ಓದುತ್ತಿದ್ದೇನೆ. ಹೊಸ ಗೇಮ್‌ನ ಸ್ಟ್ಯಾಂಡರ್ಡ್ 4,000, ಡಿಲಕ್ಸ್ 4,800, ಅಲ್ಟಿಮೇಟ್ 6,500 ರೂಪಾಯಿ. ಯಾವುದು ಒಳ್ಳೆಯದು?

ಉತ್ತರ: ಸ್ಟ್ಯಾಂಡರ್ಡ್ ಸಾಕು. ಡಿಲಕ್ಸ್‌ನ ಹೆಚ್ಚುವರಿ 800 ರೂಪಾಯಿ ಸಾಮಾನ್ಯವಾಗಿ ವೇಷಭೂಷಣಕ್ಕೂ ಆರಂಭದ ಆಯುಧಗಳಿಗೂ ಹೋಗುತ್ತದೆ. ಕೆಲವು ಗಂಟೆ ಆಡಿದ ಮೇಲೆ ಅದಕ್ಕಿಂತ ಬಲವಾದ ಆಯುಧ ಆಟದೊಳಗೇ ಸಿಗುತ್ತದೆ.

ಅಲ್ಟಿಮೇಟ್‌ನಲ್ಲಿ ತೂಗಿ ನೋಡಬೇಕಾದದ್ದು ಸೀಸನ್ ಪಾಸ್ ಮಾತ್ರ, ಅಂದರೆ ಮುಂದೆ ಬರುವ ಹೆಚ್ಚುವರಿ ಕಥೆಗಳ ಮುಂಗಡ ಖರೀದಿ. ಅದರ ಬಿಡಿ ಬೆಲೆ ನೋಡಿ. 2,000 ರೂಪಾಯಿ ಇದ್ದರೆ, ನೀವು ಹೆಚ್ಚಾಗಿ ಕೊಡುವ 2,500ರಲ್ಲಿ 500 ವೇಷಭೂಷಣದ ಪಾಲು. ಅಲ್ಲದೆ ಪಾಸ್‌ನ ಕಥೆಗಳು ತಡವಾಗಿ ಬರುತ್ತವೆ. ‘ದಿ ವಿಚರ್ 3’ ಬಂದದ್ದು 2015ರ ಮೇನಲ್ಲಿ, ಎರಡನೆಯ ವಿಸ್ತರಣೆ ಬಂದದ್ದು ಸುಮಾರು ಒಂದು ವರ್ಷದ ನಂತರ. 2016ರ ಆಗಸ್ಟ್‌ನಲ್ಲಿ ಎಲ್ಲವೂ ಸೇರಿದ ಆವೃತ್ತಿಯೇ ಮಾರಾಟಕ್ಕೆ ಬಂತು.

ಮೂಲ ಕಥೆ ಮುಗಿಸಿದ ಮೇಲೂ ಆಸೆ ಉಳಿದರೆ ಆಗ ಪಾಸ್ ಕೊಳ್ಳಿ. ಉಡುಪಿಯ ಒಂದು ಮಳೆಗಾಲದಲ್ಲಿ ಮುಂಗಡವಾಗಿ ಕೊಂಡ ಪಾಸ್ ಅನ್ನು ನಾನು ಇಂದಿಗೂ ತೆರೆದಿಲ್ಲ.