ಹ್ಯಾಶ್ ಒಂದೇ ಹೆಜ್ಜೆಯಾದರೆ ಬಿ-ಟ್ರೀ ಯಾಕೆ?

ಪ್ರಶ್ನೆ: ಹ್ಯಾಶ್ ಟೇಬಲ್ O(1), ಬಿ-ಟ್ರೀ O(log n). ನಮ್ಮ ಇಂಡೆಕ್ಸ್‌ಗಳನ್ನೆಲ್ಲ ಹ್ಯಾಶ್‌ಗೆ ಬದಲಾಯಿಸಿಬಿಡಲೇ ಸರ್?

ಬೇಡ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಸಂದರ್ಶನದ ತಯಾರಿ ಹೇಳಿಕೊಡುವವರು O(1) ಅನ್ನು ಮಂತ್ರದಂತೆ ಬಾಯಿಪಾಠ ಮಾಡಿಸುತ್ತಾರೆ, ಡಿಸ್ಕಿನ ಮಾತನ್ನೇ ಎತ್ತುವುದಿಲ್ಲ. ದೊಡ್ಡ ಡೇಟಾಬೇಸ್‌ನಲ್ಲಿ ಸಮಯ ತಿನ್ನುವುದು ಕೀಗಳ ಹೋಲಿಕೆಯಲ್ಲ, ಡಿಸ್ಕಿನಿಂದ ಪುಟ ತರುವುದು.

ಲೆಕ್ಕ ಹಾಕೋಣ. 10 ಕೋಟಿ ದಾಖಲೆಗಳಿವೆ. 8 ಕೆಬಿಯ ಒಂದು ಪುಟದಲ್ಲಿ 400 ಕೀಗಳು ಹಿಡಿಯುತ್ತವೆ ಎನ್ನಿ. ಕೀಗಳನ್ನು ಸಾಲಾಗಿ ಜೋಡಿಸಿಟ್ಟು ಬೈನರಿ ಸರ್ಚ್ ಮಾಡಿದರೆ 27 ಹೋಲಿಕೆ ಬೇಕು. ಕೊನೆಯ ಎಂಟೊಂಬತ್ತು ಒಂದೇ ಪುಟದೊಳಗೆ ಮುಗಿಯುತ್ತವೆ, ಆದರೂ ಸುಮಾರು 18 ಸಲ ಬೇರೆ ಬೇರೆ ಪುಟ ತರಬೇಕು. ಬಿ-ಟ್ರೀಯಲ್ಲಿ ಅದೇ ಕೀಗಳು 2.5 ಲಕ್ಷ ಎಲೆಪುಟಗಳಲ್ಲಿ ಇರುತ್ತವೆ. ಅವುಗಳ ಮೇಲೆ 625 ಪುಟ, ಅದರ ಮೇಲೆ 2, ತುದಿಯಲ್ಲಿ ಬೇರಿನ ಪುಟ 1. ಎಲೆಗಳನ್ನು ಬಿಟ್ಟರೆ ಒಟ್ಟು 628 ಪುಟ, ಅಂದರೆ ಸುಮಾರು 5 ಎಂಬಿ. ಪದೇ ಪದೇ ಬಳಕೆಯಾಗುವುದರಿಂದ ಇಷ್ಟೂ ಮೆಮೊರಿಯಲ್ಲೇ ಉಳಿದುಬಿಡುತ್ತದೆ. ಹಾಗಾಗಿ ಡಿಸ್ಕಿನಿಂದ ತರಬೇಕಾದದ್ದು ಒಂದೇ ಒಂದು ಎಲೆಪುಟ. ಹ್ಯಾಶ್ ಇಂಡೆಕ್ಸ್ ಕೂಡ ತನ್ನ ಬಕೆಟ್‌ಗಾಗಿ ಒಂದು ಪುಟ ತರಲೇಬೇಕು. ನೀವು ಉಳಿಸಿದ್ದೇನು? ಮೆಮೊರಿಯೊಳಗಿನ ಒಂದಿಷ್ಟು ಹೋಲಿಕೆ, ಅಷ್ಟೇ.

ಕಳೆದುಕೊಳ್ಳುವುದು ಮಾತ್ರ ದೊಡ್ಡದು. ಹ್ಯಾಶ್ ಮಾಡಿದೊಡನೆ ಕೀಗಳ ಕ್ರಮ ಅಳಿಸಿಹೋಗುತ್ತದೆ. ಅಕ್ಕಪಕ್ಕದ ಎರಡು ದಿನಾಂಕಗಳು ಎಲ್ಲೆಲ್ಲೋ ಹೋಗಿ ಬೀಳುತ್ತವೆ. ಪೋಸ್ಟ್‌ಗ್ರೆಸ್‌ನಲ್ಲಿ ಹ್ಯಾಶ್ ಇಂಡೆಕ್ಸ್ `=` ಒಂದಕ್ಕೇ ಕೆಲಸಕ್ಕೆ ಬರುತ್ತದೆ. ನಾನು ನೋಡಿದ ಒಂದು ಕಡೆ ದಿನಾಂಕದ ಮೇಲೆ ಹ್ಯಾಶ್ ಹಾಕಿದ್ದರು. ಒಂದೊಂದೇ ದಿನವನ್ನು ಹುಡುಕುವಾಗ ಎಲ್ಲ ಸರಿಯಿತ್ತು, ತಿಂಗಳ ವರದಿ ಕೇಳಿದಾಗ ಇಡೀ ಟೇಬಲ್ಲನ್ನೇ ಓದಲು ಹೊರಟಿತು. ನಿಮ್ಮಲ್ಲೂ ಹಾಗೇ ಆಗುತ್ತಿದೆಯೇ ನೋಡಿ:

```sql
EXPLAIN SELECT * FROM bills
WHERE bill_date BETWEEN '2024-03-01' AND '2024-03-31';
```

ಉತ್ತರದಲ್ಲಿ `Seq Scan` ಕಂಡರೆ ಇಂಡೆಕ್ಸನ್ನು ಮುಟ್ಟಿಯೇ ಇಲ್ಲ ಎಂದರ್ಥ. ತಿಂಗಳು ಚಿಕ್ಕದು, ಟೇಬಲ್ ದೊಡ್ಡದು ಎಂದಾದರೆ ಆ ಹ್ಯಾಶನ್ನು ತೆಗೆದು ಬಿ-ಟ್ರೀ ಹಾಕಿ.

ಹ್ಯಾಶ್ ಟೇಬಲ್ಲಿನ ಜಾಗ ಪ್ರೋಗ್ರಾಮಿನ ಮೆಮೊರಿ, ಅದೂ ಕೀ ಪೂರ್ತಿ ಗೊತ್ತಿದ್ದಾಗ. ಅಲ್ಲೂ ನನಗೊಂದು ಅಂಜಿಕೆಯಿದೆ: ಸಾಮಾನ್ಯವಾಗಿ ಟೇಬಲ್ ತುಂಬುತ್ತಾ ಬಂದಾಗ ಯಾವುದೋ ಒಂದು ಸೇರ್ಪಡೆ ಎಲ್ಲ ಕೀಗಳನ್ನೂ ಹೊಸ ಜಾಗಕ್ಕೆ ಹಂಚುತ್ತಾ ನಿಂತುಬಿಡುತ್ತದೆ. ಆ ತಡೆ ಸಹಿಸಲಾಗದ ಕಡೆ, ಎಷ್ಟು ದಾಖಲೆ ಬರುತ್ತವೆಂದು ಗೊತ್ತಿದ್ದರೆ, ಜಾಗವನ್ನು ಮೊದಲೇ ಕಾದಿರಿಸಿ.

ಪ್ರಶ್ನೆ: ಬಿ-ಟ್ರೀಯ ‘ಬಿ’ ಅಂದರೆ ಬೈನರಿ ತಾನೆ?

ಅಲ್ಲ, ಬೈನರಿಯಲ್ಲಿ ಕವಲು ಎರಡೇ, ಇಲ್ಲಿ ನೂರಾರು.

ಪ್ರಶ್ನೆ: ಪಟ್ಟಿ ಕ್ರಮದಲ್ಲಿಲ್ಲ, ಒಂದೇ ಸಲ ಹುಡುಕಬೇಕು. ಸಾರ್ಟ್ ಮಾಡಿ ಬೈನರಿ ಸರ್ಚ್ ಮಾಡಲೇ?

ಮೊದಲಿನಿಂದ ಕೊನೆಯವರೆಗೆ ನೋಡಿಬಿಡಿ, ಸಾರ್ಟ್ ಮಾಡುವ ಕೆಲಸವೇ ಅದಕ್ಕಿಂತ ಹೆಚ್ಚು.